ಹೆಸರು ಹೇಳುವ ಇರುಳು

ತುಳುನಾಡಿನ ಸಿರಿ ಜಾತ್ರೆ ಹೆಂಗಸರ ಜಾತ್ರೆ. ವರ್ಷಕ್ಕೊಮ್ಮೆ, ಬೇಸಗೆ ಕಾಲಿಡುವ ತಿಂಗಳುಗಳ ಹುಣ್ಣಿಮೆಯ ಇರುಳು, ಆಲಡೆ ಎಂದು ಕರೆಯುವ ದೈವಸ್ಥಾನಗಳ ಅಂಗಳದಲ್ಲಿ ನೂರಾರು ಹೆಂಗಸರು ಸಾಲಾಗಿ ನಿಂತು ಮೈದುಂಬುತ್ತಾರೆ. ಅವರ ಮೈಮೇಲೆ ಬರುವುದು ಒಂದೇ ಕಥೆಯ ಹೆಂಗಸರು: ಸಿರಿ, ಅವಳ ಸವತಿ ಸಾಮು, ಮಗಳು ಸೊನ್ನೆ, ಸಾಮುವಿನ ಮಗಳು ಗಿಂಡೆ, ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ ಮತ್ತು ದಾರಗ. ಹಿರಿಯಡಕ, ಕವತ್ತಾರು, ನಂದಳಿಕೆ, ನಿಡ್ಗಲ್ ಮೊದಲಾದ ಕಡೆ ಈ ಜಾತ್ರೆ ನಡೆಯುತ್ತದೆ. ಭೂತಕೋಲದಲ್ಲಿ ವೇಷ ಕಟ್ಟಿ, ಅಣಿ ಏರಿಸಿ, ದೈವವಾಗಿ ನುಡಿಯುವವನು ಆ ಕಸುಬಿಗೆ ಹುಟ್ಟಿದ ಕಲಾವಿದ. ಇಲ್ಲಿ ನುಡಿಯುವವರು ನಿನ್ನೆಯವರೆಗೆ ಬೀಡಿ ಕಟ್ಟುತ್ತಿದ್ದ, ಗದ್ದೆಯಲ್ಲಿ ನೇಜಿ ನೆಡುತ್ತಿದ್ದ, ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದ ಸಾಮಾನ್ಯ ಗೃಹಿಣಿಯರು. ಅವರಲ್ಲಿ ಹಲವರು ಮೊದಲ ಸಲ ಈ ಅಂಗಳಕ್ಕೆ ಬಂದದ್ದು ಭಕ್ತೆಯರಾಗಿ ಅಲ್ಲ, ಕಾಯಿಲೆಯವರಾಗಿ.

ಉಡುಪಿಯಿಂದ ಕಾರ್ಕಳದ ಕಡೆಗೆ ಹೋಗುವ ರಸ್ತೆ ಮಣಿಪಾಲದ ಗುಡ್ಡ ಹತ್ತಿ, ಪರ್ಕಳ, ಆತ್ರಾಡಿ ದಾಟಿ ಹಿರಿಯಡಕಕ್ಕೆ ಇಳಿಯುತ್ತದೆ. ಈ ಹಾದಿಯ ಮೊದಲ ಕೆಲವೇ ಕಿಲೋಮೀಟರುಗಳಲ್ಲಿ ದೊಡ್ಡದೊಂದು ವೈದ್ಯಕೀಯ ನಗರ ಎದುರಾಗುತ್ತದೆ. ಮನೋರೋಗ ವಿಭಾಗ, ನರರೋಗ ವಿಭಾಗ, ರಕ್ತ ಪರೀಕ್ಷೆಯ ಸಾಲುಗಳು ಎಲ್ಲವೂ ಅಲ್ಲಿವೆ. ಅದನ್ನು ಹಿಂದೆ ಬಿಟ್ಟು ಬಸ್ಸು ಅಡಿಕೆ ತೋಟಗಳ ನಡುವೆ ಹೊರಳುವ ಹೊತ್ತಿಗೆ, ಜಾತ್ರೆಯ ದಿನವಾದರೆ, ಬಿಳಿ ಸೀರೆಯ ಹೆಂಗಸರು ತಂಡ ತಂಡವಾಗಿ ಹತ್ತುವುದು ಕಾಣುತ್ತದೆ. ಹಲವರ ಕೈಯಲ್ಲಿ ಮಲ್ಲಿಗೆಯ ಪೊಟ್ಟಣ, ಬಾಳೆಲೆಯಲ್ಲಿ ಸುತ್ತಿದ ಹಿಂಗಾರ. ಆಸ್ಪತ್ರೆಯ ನಿಲ್ದಾಣದಲ್ಲಿ ಹತ್ತಿದವರೂ ಅವರ ನಡುವೆಯೇ ಕೂತಿರುತ್ತಾರೆ. ಔಷಧಿಯ ಚೀಟಿಯೂ ದೈವದ ಗಂಧವೂ ಒಂದೇ ಕೈಚೀಲದಲ್ಲಿ ಇರುವುದನ್ನು ಇಲ್ಲಿಯವರು ವಿಚಿತ್ರವೆಂದು ತಿಳಿಯುವುದಿಲ್ಲ.

ಆಲಡೆ ಎಂಬುದು ಒಂಟಿ ಗುಡಿಯ ಹೆಸರಲ್ಲ, ಹಲವು ಶಕ್ತಿಗಳ ಒಂದು ನೆಲೆ. ಬೆರ್ಮೆರ್ ಅಲ್ಲಿಯ ಹಿರಿಯ. ಸಂಸ್ಕೃತದ ಬ್ರಹ್ಮನ ಹೆಸರು ಕೇಳಿಸಿದರೂ ಈತ ಕುದುರೆಯೇರಿದ, ತುಳುನಾಡಿನದೇ ಆದ ದೇವರು. ಜೊತೆಗೆ ನಾಗ, ರಕ್ತೇಶ್ವರಿ, ನಂದಿಗೋಣ, ಕ್ಷೇತ್ರಪಾಲ ಇರುತ್ತಾರೆ. ಸಿರಿ ಮತ್ತು ಅವಳ ಮಗ ಕುಮಾರನಿಗೂ ಅಲ್ಲೇ ಜಾಗ. ಸಿರಿಗೆ ಉಗ್ರ ರೂಪವಿಲ್ಲ, ಆಯುಧವಿಲ್ಲ, ಅವಳು ಯಾರನ್ನೂ ಕೊಂದ ವೀರಳಲ್ಲ. ದೈವವಾಗುವುದಕ್ಕೆ ಅವಳಿಗಿದ್ದ ಅರ್ಹತೆ ಅವಳು ಬಾಳಿದ ಬಾಳು ಮಾತ್ರ. ಆ ಬಾಳನ್ನು ತಿಳಿಯದೆ ಅಂಗಳದಲ್ಲಿ ಏನು ನಡೆಯುತ್ತಿದೆ ಎಂಬುದು ಅರ್ಥವಾಗುವುದಿಲ್ಲ.

ಕಥೆ ಪಾಡ್ದನದಿಂದ ಪಾಡ್ದನಕ್ಕೆ ಸ್ವಲ್ಪ ಬದಲಾಗುತ್ತದೆ. ಹೆಚ್ಚಿನ ಪಾಠಗಳಲ್ಲಿ ಒಪ್ಪುವ ಭಾಗ ಹೀಗಿದೆ. ಸತ್ಯನಾಪುರದ ಬಿರ್ಮು ಆಳ್ವನಿಗೆ ಮಕ್ಕಳಿಲ್ಲ. ಪಾಳುಬಿದ್ದ ಬೆರ್ಮೆರ ಗುಡಿಯನ್ನು ಎತ್ತಿ ಕಟ್ಟಿಸಿದ ಮೇಲೆ ಪ್ರಸಾದವಾಗಿ ಬಂದ ಹಿಂಗಾರದಿಂದ ಒಂದು ಹೆಣ್ಣುಮಗು ಹುಟ್ಟುತ್ತದೆ, ಅದು ಸಿರಿ. ಮುದುಕ ಅವಳಿಗೆ ಅಜ್ಜನಾಗುತ್ತಾನೆ, ಅವಳನ್ನು ಬಸ್ರೂರಿನ ಕಾಂತು ಪೂಂಜನಿಗೆ ಮದುವೆ ಮಾಡಿಕೊಡುತ್ತಾನೆ. ಸಿರಿ ಬಸುರಿಯಾದಾಗ ಬಯಕೆ ಮದುವೆಗೆಂದು ಗಂಡ ಸೀರೆ ತರಲು ಹೋಗುತ್ತಾನೆ. ತರುವ ದಾರಿಯಲ್ಲಿ ಸೂಳೆ ಸಿದ್ದುವಿನ ಮನೆಗೆ ನುಗ್ಗುತ್ತಾನೆ. ಸಿದ್ದು ಆ ಸೀರೆಯನ್ನು ತಾನು ಮೊದಲು ಉಟ್ಟು ಮಡಚಿ ಕೊಡುತ್ತಾಳೆ. ತುಂಬಿದ ಸಭೆಯಲ್ಲಿ ಸಿರಿ ಆ ಸೀರೆಯನ್ನು ಬೇಡವೆನ್ನುತ್ತಾಳೆ. ಮಗ ಕುಮಾರ ಹುಟ್ಟುತ್ತಾನೆ, ಅಜ್ಜ ಸಾಯುತ್ತಾನೆ, ಸತ್ಯನಾಪುರದ ಆಸ್ತಿ ತನ್ನದೆಂದು ದಾಯಾದಿ ಶಂಕರ ಆಳ್ವ ಎದ್ದು ನಿಲ್ಲುತ್ತಾನೆ. ನ್ಯಾಯ ಹೇಳಬೇಕಾದವರು ಅವನ ಕಡೆಗೆ ವಾಲುತ್ತಾರೆ. ಸಿರಿ ಗಂಡನಿಗೆ ವಿಚ್ಛೇದನ ಕೊಟ್ಟು, ಮನೆ ಬಿಟ್ಟು, ಕೂಸನ್ನು ಎತ್ತಿಕೊಂಡು ಕಾಡುದಾರಿ ಹಿಡಿಯುತ್ತಾಳೆ. ಕುಮಾರನನ್ನು ಮಾಯಕ್ಕೆ ಕಳಿಸುತ್ತಾಳೆ. ಆಮೇಲೆ ಕೊಡ್ಸರಾಳ್ವನ ಕೈಹಿಡಿದು ಅವನ ಮೊದಲ ಹೆಂಡತಿ ಸಾಮುವಿನ ಜೊತೆ ಜಗಳವಾಡಿ, ಕೊನೆಗೆ ಅವಳನ್ನು ಅಕ್ಕತಂಗಿಯ ಹಾಗೆ ಒಲಿಸಿಕೊಂಡು, ಸೊನ್ನೆಯನ್ನು ಹೆತ್ತು ತಾನೂ ಮಾಯಕ್ಕೆ ಸಲ್ಲುತ್ತಾಳೆ.

ಸೊನ್ನೆಯ ಕಷ್ಟ ಬೇರೆ ಬಗೆಯದು. ಅವಳು ಬಹುಕಾಲ ಮೈನೆರೆಯುವುದಿಲ್ಲ, ಮದುವೆಯಾದ ಮೇಲೂ ಮಕ್ಕಳಾಗುವುದಿಲ್ಲ. ಹರಕೆ ಹೊತ್ತು ಅವಳಿಮಕ್ಕಳನ್ನು ಪಡೆದವಳು ಹರಕೆಯನ್ನು ಮರೆತುಬಿಡುತ್ತಾಳೆ. ತಂದೆತಾಯಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅಬ್ಬಗ ದಾರಗರು ಚೆನ್ನೆಮಣೆ ಆಡುತ್ತಾ ಕೂತು, ಸೋಲುಗೆಲುವಿನ ಮಾತಿಗೆ ಜಗಳ ಬೆಳೆದು, ಅಕ್ಕ ಮಣೆಯೆತ್ತಿ ತಂಗಿಯ ತಲೆಗೆ ಹೊಡೆಯುತ್ತಾಳೆ. ತಂಗಿ ಸತ್ತದ್ದು ತಿಳಿದು, ಹೆಣವನ್ನು ಬಾವಿಗೆ ಹಾಕಿ ತಾನೂ ಹಾರುತ್ತಾಳೆ. ಅಲ್ಲಿಗೆ ಹೆಣ್ಣಿನ ಮೂರು ತಲೆಮಾರು ಮುಗಿಯುತ್ತದೆ. ದಾಂಪತ್ಯದ ಅವಮಾನ, ಆಸ್ತಿಯ ವಂಚನೆ, ಸವತಿಯ ಮುನಿಸು, ಮೈನೆರೆಯದ ಮೈ, ಬಂಜೆತನ, ಅಕ್ಕತಂಗಿಯರ ಹೊಟ್ಟೆಕಿಚ್ಚು, ಮಕ್ಕಳ ಸಾವು: ತುಳು ಕುಟುಂಬವೊಂದರಲ್ಲಿ ಹೆಂಗಸಿಗೆ ಬರಬಹುದಾದ ಸಂಕಟಗಳಲ್ಲಿ ಈ ಕಥೆಯಿಂದ ಹೊರಗುಳಿದದ್ದು ಕಡಿಮೆ.

ನೇಜಿ ನೆಡುವಾಗ ಹೆಂಗಸರು ಈ ಪಾಡ್ದನವನ್ನು ತುಂಡು ತುಂಡಾಗಿ ಹಾಡುತ್ತಾರೆ. ಇಡಿಯಾಗಿ ಹಾಡಬಲ್ಲವರು ವಿರಳ. ಉಜಿರೆಯ ಹತ್ತಿರದ ಮಾಚಾರಿನ ರೈತ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಲವು ದಿನ ಕೂತು ಹಾಡಿದ ಪಾಠವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ ದಾಖಲಿಸಿದರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಅಚ್ಚಾಯಿತು. ಗೋಪಾಲ ನಾಯ್ಕರು ಬರೀ ಗಾಯಕರಲ್ಲ, ಕುಮಾರನ ದರ್ಶನ ಬರುವ ಪಾತ್ರಿ. ಅವರ ಸುತ್ತ ಒಂದು ಸಿರಿಗಳ ತಂಡವೇ ಇತ್ತು. ಕಥೆಯನ್ನು ಪೂರ್ತಿ ಬಲ್ಲವನೂ ಚಿಕಿತ್ಸೆ ನಡೆಸುವವನೂ ಒಬ್ಬನೇ ಆಗಿರುವುದು ಕಾಕತಾಳೀಯವಲ್ಲ ಎಂಬುದು ಅಂಗಳದಲ್ಲಿ ಒಂದು ಇರುಳು ಕಳೆದರೆ ತಿಳಿಯುತ್ತದೆ.

ಕತ್ತಲೆಯಾಗುತ್ತಿದ್ದಂತೆ ಹೆಂಗಸರು ಮಿಂದು ಬಂದು ತಮ್ಮ ತಮ್ಮ ಕುಮಾರನ ಎದುರು ಸಾಲುಗಟ್ಟುತ್ತಾರೆ. ಒಬ್ಬ ಕುಮಾರ, ಅವನ ಸುತ್ತಲಿನ ಸಿರಿಗಳು, ಅವರು ಸೇರಿ ನಡೆಸುವ ದರ್ಶನದ ಕೂಟಕ್ಕೆ ದಲ್ಯ ಎನ್ನುವುದುಂಟು. ದೊಡ್ಡ ಆಲಡೆಯಲ್ಲಿ ಇಂಥ ಹಲವು ತಂಡಗಳು ಅಕ್ಕಪಕ್ಕದಲ್ಲೇ ನಿಲ್ಲುತ್ತವೆ, ಒಬ್ಬರ ಕೂಗು ಇನ್ನೊಬ್ಬರ ಕೂಗಿನ ಮೇಲೆ ಬೀಳುತ್ತದೆ. ಕುಮಾರನು ಬೆರ್ಮೆರನ್ನೂ ಆಲಡೆಯ ಶಕ್ತಿಗಳನ್ನೂ ನೆನೆದು, ಸತ್ಯನಾಪುರದ ಹೆಸರೆತ್ತಿ ಸಿರಿಯನ್ನು ಕರೆಯುತ್ತಾನೆ. ಹೆಂಗಸರು ಹಿಂಗಾರದ ಗೊನೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಳ್ಳುತ್ತಾರೆ. ಉಸಿರು ಜೋರಾಗುತ್ತದೆ, ಭುಜ ನಡುಗುತ್ತದೆ, ನಡುಕ ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅಳು, ಹಾಡು ಮತ್ತು ಮಾತು ಒಂದರೊಳಗೊಂದು ಬೆರೆತು, ಒಬ್ಬಳು ಮಗನನ್ನು ಕರೆಯುತ್ತಾಳೆ, ಒಬ್ಬಳು ಅಕ್ಕನನ್ನು ಹುಡುಕುತ್ತಾಳೆ. ಹಿಂಗಾರದ ಎಸಳು ಉದುರಿ ನೆಲವೆಲ್ಲ ಹಳದಿಬಿಳುಪಾಗುತ್ತದೆ.

ದಿನವಿಡೀ ಉಪವಾಸ, ನಿದ್ದೆಗೇಡು, ರಭಸದ ಉಸಿರಾಟ, ವಾದ್ಯದ ಸದ್ದು, ಹೂವಿನ ಗಾಢ ವಾಸನೆ, ಇವೆಲ್ಲ ಸೇರಿ ಮೆದುಳನ್ನು ಈ ಸ್ಥಿತಿಗೆ ತಳ್ಳುತ್ತವೆ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಅದೇ ಅಂಗಳದಲ್ಲಿ ಅದೇ ವಾದ್ಯ ಕೇಳುತ್ತಾ ನಿಂತ ಐಸ್‌ಕ್ರೀಮಿನವನಿಗೂ ಪೊಲೀಸನಿಗೂ ಏನೂ ಆಗುವುದಿಲ್ಲ. ಫ್ರೆಂಚ್ ವಿದ್ವಾಂಸ ಝಿಲ್ಬೆರ್ ರೂಝೆ ಸಂಗೀತ ಮತ್ತು ಆವೇಶದ ನಂಟನ್ನು ಕುರಿತು 1980ರಲ್ಲಿ ಬರೆದ ಪುಸ್ತಕದ ವಾದ ಇದೇ ಆಗಿತ್ತು. ಸದ್ದಿಗೆ ತಾನಾಗಿಯೇ ಆವೇಶ ತರಿಸುವ ಶಕ್ತಿಯಿಲ್ಲ. ಯಾರ ಮೈಮೇಲೆ ಯಾರು ಯಾವಾಗ ಬರಬೇಕೆಂದು ಮೊದಲೇ ಗೊತ್ತಿರುವ ಸಮಾಜದಲ್ಲಿ ಸದ್ದು ಬಾಗಿಲು ತೆರೆಯುವ ಸನ್ನೆಯಾಗುತ್ತದೆ. ಸಿರಿಗಳ ದರ್ಶನವೂ ಹೀಗೆ ಕಲಿತದ್ದು. ಕಲಿತದ್ದು ಎಂದರೆ ನಟಿಸಿದ್ದು ಎಂದಲ್ಲ. ಮಾತೃಭಾಷೆಯನ್ನೂ ಕಲಿತೇ ಆಡುತ್ತೇವೆ.

ಆ ಕಲಿಕೆಯ ಹಾದಿಯನ್ನು ಬಿಡಿಸಿ ತೋರಿಸಿದವರು ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್. ಸಿರಿ ಆಚರಣೆಯನ್ನು ಕುರಿತು ಅವರು 1975ರಲ್ಲಿ ಒಂದು ಲೇಖನ ಬರೆದರು. ನಾಲ್ಕು ವರ್ಷದ ಬಳಿಕ ತುಳು ಮೌಖಿಕ ಪರಂಪರೆಯ ಕಣ್ಣಿನಿಂದ ಮೈದುಂಬುವಿಕೆಯನ್ನು ನೋಡುವ ಇನ್ನೊಂದನ್ನು ಬರೆದರು. ಬೇಡದ ಶಕ್ತಿಯೊಂದು ಹೇಳದೆ ಕೇಳದೆ ಮೈಯೊಳಗೆ ನುಗ್ಗುವುದು ಬೇರೆ, ಕರೆದಾಗ ಬಂದು ಕಳಿಸಿದಾಗ ಹೋಗುವ ದೈವಕ್ಕೆ ಮೈಕೊಡುವುದು ಬೇರೆ ಎಂದು ಕ್ಲಾಸ್ ಗೆರೆ ಎಳೆದರು. ಮೊದಲನೆಯದು ಉಪದ್ರ, ಎರಡನೆಯದು ಪಾತ್ರಿತನ. ತುಳುವರು ಎರಡನ್ನೂ ಎಂದೂ ಒಂದೆಂದು ತಿಳಿದವರಲ್ಲ. ಸಿರಿ ಆಚರಣೆಯ ವಿಶೇಷವಿರುವುದು ಮೊದಲನೆಯದರಲ್ಲಿ ಸಿಕ್ಕಿಬಿದ್ದವಳನ್ನು ಎರಡನೆಯದರ ಕಡೆಗೆ ಕೈಹಿಡಿದು ನಡೆಸುವುದರಲ್ಲಿ. ಪಿಶಾಚಿ ಬಿಡಿಸುವ ಮಂತ್ರವಾದಿ ಒಳಗೆ ಬಂದದ್ದನ್ನು ಹೊರಗೆ ಹಾಕುತ್ತಾನೆ. ಕುಮಾರ ಅದನ್ನು ಕೂರಿಸಿ ಮಾತಾಡಿಸುತ್ತಾನೆ.

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ, ಇಂಥ ಹಲವು ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಒಬ್ಬಳೇ ಹೆಂಗಸಿನ ಮೇಲೆ ಹೊರಿಸಿ ನೋಡಬಹುದು. ಮದುವೆಯಾಗಿ ಎರಡು ವರ್ಷವಾದವಳು. ಗಂಡ ದೂರದ ಊರಿನ ಹೋಟೆಲಿನಲ್ಲಿ ದುಡಿಯುತ್ತಾನೆ, ಅವಳು ಅತ್ತೆಯ ಮನೆಯಲ್ಲಿ. ಒಂದು ಗರ್ಭ ಇಳಿದಿದೆ. ಸಂಜೆಯ ಹೊತ್ತಿಗೆ ತಲೆಭಾರ, ಊಟ ಬೇಡ, ಕರೆದರೆ ಓಗೊಡುವುದಿಲ್ಲ. ಒಂದು ದಿನ ಬಾವಿಕಟ್ಟೆಯ ಬಳಿ ಬಿದ್ದು ಹಲ್ಲು ಕಚ್ಚಿಕೊಳ್ಳುತ್ತಾಳೆ, ಇನ್ನೊಂದು ದಿನ ಅರ್ಥವಾಗದ ಮಾತಾಡಿ ಅಳುತ್ತಾಳೆ. ಮನೆಯವರು ಮೊದಲು ಡಾಕ್ಟರರ ಬಳಿಗೆ ಕರೆದೊಯ್ಯುತ್ತಾರೆ. ಪರೀಕ್ಷೆಗಳಲ್ಲಿ ಏನೂ ಸಿಗುವುದಿಲ್ಲ, ಕೊಟ್ಟ ಮಾತ್ರೆಯಿಂದ ನಿದ್ದೆ ಬರುತ್ತದೆ, ಅಷ್ಟೆ. ಬಳಿಕ ಬಲಿಮೆ ಕೇಳುತ್ತಾರೆ. ಕವಡೆ ಇಟ್ಟು ನೋಡಿದವರು ತವರಿನ ಕಡೆಯಲ್ಲಿ ಸಿರಿಯ ಸಂಬಂಧವಿದೆ, ಅಜ್ಜಿಯೊಬ್ಬಳು ದಲ್ಯಕ್ಕೆ ಹೋಗುತ್ತಿದ್ದಳು, ಅವಳು ಸತ್ತ ಮೇಲೆ ಆ ಜಾಗ ತುಂಬಿಲ್ಲ ಎನ್ನುತ್ತಾರೆ. ತವರಿನಲ್ಲಿ ವಿಚಾರಿಸಿದರೆ ಅದು ನಿಜ. ಅಲ್ಲಿಯವರೆಗೆ ಸೊಸೆಯ ಮೈಗಳ್ಳತನ ಎಂದಾಗಲಿ ಕಾಯಿಲೆ ಎಂದಾಗಲಿ ಅನ್ನಿಸಿಕೊಂಡಿದ್ದು ಈಗ ಎರಡು ಮನೆಗಳ ಜವಾಬ್ದಾರಿಯಾಗುತ್ತದೆ. ಹುಣ್ಣಿಮೆಗೆ ಕರೆದುಕೊಂಡು ಬರುತ್ತೇವೆ ಎಂದು ಹರಕೆ ಹೊರುತ್ತಾರೆ.

ಹುಣ್ಣಿಮೆಯ ಇರುಳು ಅವಳನ್ನು ಹಳೆಯ ಸಿರಿಗಳ ನಡುವೆ ನಿಲ್ಲಿಸುತ್ತಾರೆ. ನಡುಕ ಬೇಗ ಬರುತ್ತದೆ, ಮಾತು ಬರುವುದಿಲ್ಲ. ಕುಮಾರ ಎದುರು ಬಂದು, ನೀನು ಯಾರು, ಹೆಸರು ಹೇಳು ಎಂದು ಕೇಳುತ್ತಾನೆ. ಉತ್ತರವಾಗಿ ಚೀರಾಟ. ಹಿರಿಯ ಸಿರಿಯೊಬ್ಬಳು ಅವಳ ಭುಜ ಹಿಡಿದು, ಹಿಂಗಾರ ಮುಖಕ್ಕೆ ಸವರಿ, ನಮ್ಮವಳಾದರೆ ನಮ್ಮ ಹಾಗೆ ಹೇಳು ಎನ್ನುತ್ತಾಳೆ. ಒಮ್ಮೆ ಪುಸಲಾಯಿಸುತ್ತಾರೆ, ಒಮ್ಮೆ ಗದರಿಸುತ್ತಾರೆ. ಸತ್ತವರ ಕುಲೆಯೋ, ಬೇರಾವುದೋ ಕ್ಷುದ್ರ ಶಕ್ತಿಯೋ ಸಿರಿಯ ಸೋಗು ಹಾಕಿದೆಯೇ ಎಂಬ ಅನುಮಾನ ಅವರಿಗೆ ಯಾವಾಗಲೂ ಇರುತ್ತದೆ. ಕಥೆಯ ಒಂದೊಂದೇ ಪ್ರಸಂಗ ಎತ್ತುತ್ತಾರೆ: ಸೀರೆಯ ಮಾತು, ಕಾಡುದಾರಿಯ ಮಾತು, ಚೆನ್ನೆಮಣೆಯ ಮಾತು. ಯಾವುದೋ ಒಂದು ಪ್ರಸಂಗಕ್ಕೆ ಅವಳ ಅಳುವಿನ ಧಾಟಿ ಬದಲಾಗುತ್ತದೆ. ಒಂದೇ ಇರುಳಿನಲ್ಲಿ ಇದು ಮುಗಿಯಬೇಕೆಂದೇನೂ ಇಲ್ಲ. ಕೆಲವರು ಎರಡು ಮೂರು ವರ್ಷ ಬಂದು ಬರಿದೇ ನಡುಗಿ ಹೋಗುತ್ತಾರೆ. ಕೊನೆಗೊಮ್ಮೆ, ತಾನು ಸೊನ್ನೆ ಎಂದು ಅವಳ ಬಾಯಿಂದ ಬರುತ್ತದೆ. ತಾಯಿಯಿಲ್ಲದೆ ಬೆಳೆದವಳು, ಹೊಟ್ಟೆ ತುಂಬದವಳು. ಅಷ್ಟು ಹೊತ್ತು ಗದರಿಸುತ್ತಿದ್ದ ಕುಮಾರನ ದನಿ ಆ ಕ್ಷಣ ಅಣ್ಣನ ದನಿಯಾಗುತ್ತದೆ. ಸಾಲಿನಲ್ಲಿರುವ ಸಿರಿ ಅವಳನ್ನು ಮಗಳೆಂದು ತಬ್ಬುತ್ತಾಳೆ.

ಈ ಗಳಿಗೆಯನ್ನು ಓದಲು ಮಾನವಶಾಸ್ತ್ರದಲ್ಲಿ ಅತಿ ಹೆಚ್ಚು ಬಳಕೆಯಾದ ಬರಹ ಕ್ಲೋದ್ ಲೆವಿಸ್ಟ್ರಾಸ್ 1949ರಲ್ಲಿ ಬರೆದ, ಸಂಕೇತಗಳ ಪರಿಣಾಮವನ್ನು ಕುರಿತ ಪ್ರಬಂಧ. ಪನಾಮಾದ ಕುನಾ ಜನರಲ್ಲಿ ಹೆರಿಗೆ ಕಷ್ಟವಾದಾಗ ಮಾಂತ್ರಿಕ ವೈದ್ಯ ಹಾಡುವ ಒಂದು ದೀರ್ಘ ಗೀತೆ ಅದರ ವಸ್ತು. ಮೂವು ಎಂಬ ಶಕ್ತಿ ಹೆಂಗಸಿನ ಪ್ರಾಣವನ್ನು ಹಿಡಿದಿಟ್ಟಿದೆ, ವೈದ್ಯನ ಸಹಾಯಕ ದೇವತೆಗಳು ಅವಳ ಮೈಯೊಳಗಿನ ದಾರಿಯಲ್ಲೇ ಸಾಗಿ ಅದನ್ನು ಬಿಡಿಸಿ ತರುತ್ತಾರೆ. ಹೇಳಲಾಗದ, ಗುರುತೇ ಸಿಗದ ನೋವಿಗೆ ಪುರಾಣವೊಂದು ಭಾಷೆ ಕೊಡುತ್ತದೆ, ಭಾಷೆ ಸಿಕ್ಕ ನೋವು ಒಂದು ಕ್ರಮಕ್ಕೆ ಬರುತ್ತದೆ, ಕ್ರಮಕ್ಕೆ ಬಂದದ್ದನ್ನು ಮೈ ಒಪ್ಪುತ್ತದೆ ಎಂಬುದು ಲೆವಿಸ್ಟ್ರಾಸ್ ವಾದ. ಸಿರಿ ಅಂಗಳಕ್ಕೆ ಇದು ಕೈಗವಸಿನಂತೆ ಹೊಂದುತ್ತದೆ ಎನಿಸಬಹುದು. ಆದರೆ ಎರಡರ ನಡುವಿನ ವ್ಯತ್ಯಾಸವೇ ಹೆಚ್ಚು ಕಲಿಸುತ್ತದೆ. ಕುನಾ ಗೀತೆಯ ಭಾಷೆ ಪರಿಣತರ ವಿಶೇಷ ಭಾಷೆ, ನೋವಿನಲ್ಲಿ ಮಲಗಿದ ಹೆಂಗಸಿಗೆ ಅದು ಎಷ್ಟು ತಿಳಿಯುತ್ತಿತ್ತು ಎಂದು ಮುಂದೆ ಆಕ್ಷೇಪ ಬಂತು. ಅಲ್ಲಿ ಹಾಡುವವನು ವೈದ್ಯ, ರೋಗಿ ಸುಮ್ಮನಿರುತ್ತಾಳೆ. ಇಲ್ಲಿಯ ಭಾಷೆ ಮನೆಮಾತಿನ ತುಳು, ಕಥೆ ಅವಳು ಗದ್ದೆಯಲ್ಲಿ ಕೇಳಿ ಬೆಳೆದದ್ದು, ಮತ್ತು ಮಾತಾಡಬೇಕಾದವಳು ಅವಳೇ. ಕುಮಾರನ ಕೆಲಸವೆಲ್ಲ ಅವಳ ಬಾಯಿ ತೆರೆಸುವುದು. ಜಾತ್ರೆಯಲ್ಲಿ ಪಾಡ್ದನವನ್ನು ಮೊದಲಿಂದ ಕೊನೆಯವರೆಗೆ ಯಾರೂ ಹಾಡುವುದಿಲ್ಲ. ಆರು ಪಾತ್ರಗಳ ಹೆಂಗಸರು ತಮತಮಗೆ ಬೇಕಾದ ಕಡೆ ಕಥೆಯನ್ನು ಹಿಡಿದು, ಪ್ರಶ್ನೆ ಉತ್ತರಗಳಲ್ಲಿ ಅದನ್ನು ಆ ಇರುಳಿಗೆ ಹೊಸದಾಗಿ ಕಟ್ಟುತ್ತಾರೆ.

ಪಾತ್ರಗಳು ಒಬ್ಬರಿಗೊಬ್ಬರು ನೆಂಟರು ಎಂಬುದನ್ನೂ ಗಮನಿಸಬೇಕು. ಕುಮಾರ ಸಿರಿಯ ಮಗ, ಸೊನ್ನೆಯ ಅಣ್ಣ, ಅಬ್ಬಗ ದಾರಗರ ಸೋದರಮಾವ. ಅಳಿಯಸಂತಾನದ ನಾಡಿನಲ್ಲಿ ಹೆಣ್ಣುಮಗಳ ಪರವಾಗಿ ಮಾತಾಡಬೇಕಾದವನು, ಅವಳ ಮನೆ ಮತ್ತು ಮಕ್ಕಳ ಹೊಣೆ ಹೊರಬೇಕಾದವನು ಗಂಡನಲ್ಲ, ತವರಿನ ಗಂಡಸು. ಗಂಡನ ಮನೆಯಲ್ಲಿ ಒಂಟಿಯಾಗಿದ್ದವಳು ಹೆಸರು ಹೇಳಿದ ಕೂಡಲೇ ಅವಳಿಗೆ ಒಬ್ಬ ಅಣ್ಣ, ಒಬ್ಬ ತಾಯಿ, ಇಬ್ಬರು ಹೆಣ್ಣುಮಕ್ಕಳು ಸಿಗುತ್ತಾರೆ. ಕಥೆಯಲ್ಲಿ ಕಾಂತು ಪೂಂಜನಿಗೆ ದೊಡ್ಡ ಪಾಲಿದೆ, ಅಂಗಳದ ಸಾಲಿನಲ್ಲಿ ಅವನು ಇಲ್ಲ. ಗಂಡಂದಿರನ್ನು ಹೊರಗಿಟ್ಟು ಉಳಿದವರನ್ನು ಕೂಡಿಸಿದ ಕುಟುಂಬ ಇದು. ಚಿಕಿತ್ಸೆಯ ಅರ್ಧ ಭಾಗ ಈ ರಚನೆಯಲ್ಲೇ ಅಡಗಿದೆ ಎನ್ನಬಹುದು.

ಇಲ್ಲಿಂದ ಇನ್ನೊಂದು ಸಿದ್ಧಾಂತದ ಹೊಸ್ತಿಲು ಹತ್ತಿರ. ಬ್ರಿಟನ್ನಿನ ಐ. ಎಂ. ಲೂಯಿಸ್ 1971ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಆವೇಶವು ಅಧಿಕಾರವಿಲ್ಲದವರ ಓರೆಯಾದ ಪ್ರತಿಭಟನೆ ಎಂದರು. ನೇರವಾಗಿ ಕೇಳಲಾಗದ್ದನ್ನು ಹೆಂಗಸು ಭೂತದ ಬಾಯಿಂದ ಕೇಳುತ್ತಾಳೆ, ಕೇಳಿದ್ದು ಅವಳಲ್ಲವಾದ್ದರಿಂದ ಗಂಡಸು ಕೊಟ್ಟೂ ಮಾನ ಉಳಿಸಿಕೊಳ್ಳುತ್ತಾನೆ. ಸೊಮಾಲಿಯಾದ ಹೆಂಗಸರನ್ನು ಕಂಡು ಕಟ್ಟಿದ ಈ ವಾದದಲ್ಲಿ ಸತ್ಯಾಂಶವಿದೆ. ಸಿರಿ ಮೈಮೇಲಿದ್ದಾಗ ಹೆಂಗಸರು ಮನೆಯ ನ್ಯಾಯ ಅನ್ಯಾಯಗಳನ್ನು ಎತ್ತುವುದುಂಟು, ಕೂತು ಕೇಳುವ ಮನೆಯವರು ತಲೆತಗ್ಗಿಸಿ ತಪ್ಪುಕಾಣಿಕೆ ಒಪ್ಪುವುದೂ ಉಂಟು. ಆದರೆ ಲೂಯಿಸರ ಮಾತನ್ನು ಹಾಗೇ ಎತ್ತಿ ಇಲ್ಲಿ ಇಟ್ಟರೆ ಎರಡು ಕಡೆ ಅದು ಕುಂಟುತ್ತದೆ. ಸಿರಿಯದು ಅಂಚಿನ ದೈವದ ಪಂಥವಲ್ಲ. ಬೆರ್ಮೆರ ಅಂಗಳದ ನಡುವೆಯೇ ಊರ ಗುತ್ತಿನವರ ಸಮ್ಮುಖದಲ್ಲಿ ನಡೆಯುವಂಥದ್ದು. ಮತ್ತೆ, ಹೆಂಗಸಿನ ಆಸ್ತಿಯ ಹಕ್ಕನ್ನು ತಾತ್ವಿಕವಾಗಿ ಒಪ್ಪಿದ ನಾಡಿನಲ್ಲಿ ಸಿರಿಯ ಅಳಲು, ಇಲ್ಲದ್ದನ್ನು ಬೇಡುವವಳದಲ್ಲ, ಇದ್ದದ್ದನ್ನು ಕಳೆದುಕೊಂಡವಳದು. 1949ರ ಅಳಿಯಸಂತಾನ ಕಾಯ್ದೆ ಕೂಡುಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ದಾರಿ ತೆರೆಯಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಕ್ಕಳ ಕಡೆಗೆ ಆಸ್ತಿ ಹರಿಯುವಂತೆ ಮಾಡಿತು. ಆ ಬದಲಾವಣೆಗಳಲ್ಲಿ ಮುದಿಯಾದ ಹೆಂಗಸರಿಗೆ ಶಂಕರ ಆಳ್ವ ಕಥೆಯ ಮನುಷ್ಯನಾಗಿ ಮಾತ್ರ ಕಾಣಿಸಿರಲಾರ.

ಹಾಗಾದರೆ ಕಾಯಿಲೆ ವಾಸಿಯಾಗುತ್ತದೆಯೇ? ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ಸಿಗುವುದು ಕಷ್ಟ. ಮನೋವೈದ್ಯರೂ ಮಾನವಶಾಸ್ತ್ರಜ್ಞರೂ ಆದ ಆರ್ಥರ್ ಕ್ಲೈನ್‌ಮನ್ 1980ರ ತಮ್ಮ ಪುಸ್ತಕದಲ್ಲಿ ರೋಗವನ್ನೂ ನರಳಿಕೆಯನ್ನೂ ಬೇರ್ಪಡಿಸಿದರು. ಮೈಯೊಳಗಿನ ಕೆಡುಕು ರೋಗ. ಅದನ್ನು ಅವಳು ಅನುಭವಿಸುವ, ಮನೆಯವರು ಅರ್ಥಮಾಡಿಕೊಳ್ಳುವ ರೀತಿ ನರಳಿಕೆ. ಆಸ್ಪತ್ರೆ ಮೊದಲನೆಯದನ್ನು ಹುಡುಕಿ ಏನೂ ಇಲ್ಲವೆಂದು ಕಳಿಸಿದವಳಿಗೆ ದಲ್ಯ ಎರಡನೆಯದಕ್ಕೆ ಮದ್ದು ಕೊಡುತ್ತದೆ. ಮೇಲಿನ ಹೆಂಗಸಿನ ವಿಷಯದಲ್ಲಿ ಬದಲಾದದ್ದನ್ನು ಎಣಿಸಬಹುದು. ಎಲ್ಲೆಂದರಲ್ಲಿ ಬರುತ್ತಿದ್ದ ಆವೇಶ ವರ್ಷದ ಒಂದು ಇರುಳಿಗೆ ಸೀಮಿತವಾಯಿತು. ಗರ್ಭ ಇಳಿದ ದುಃಖವನ್ನು ಮನೆಯಲ್ಲಿ ಯಾರೂ ಮಾತಾಡಿರಲಿಲ್ಲ, ಅದನ್ನು ಊರೆದುರು ಅತ್ತು ಹೇಳಲು ಜಾಗ ಸಿಕ್ಕಿತು. ಅತ್ತೆ ಅವಳನ್ನು ಹುಣ್ಣಿಮೆಗೆ ಕಳಿಸಲೇಬೇಕಾಯಿತು. ಗಂಡ ರಜೆ ಹಾಕಿ ಊರಿಗೆ ಬಂದ. ಗರ್ಭ ನಿಲ್ಲುವುದೇ ಎಂಬುದನ್ನು ಮಾತ್ರ ಸಿರಿ ತೀರ್ಮಾನಿಸಲಾರಳು. ಅದಕ್ಕೆ ಅವಳು ಪುನಃ ಮಣಿಪಾಲದ ಬಸ್ಸನ್ನೇ ಹತ್ತಬೇಕು, ಹತ್ತುತ್ತಾಳೆ ಕೂಡ.

ಎಡವುವುದೂ ಇಲ್ಲಿಯೇ. ಮೂರ್ಛೆರೋಗದವಳು ಬಿದ್ದು ಒದ್ದಾಡುವುದೂ ಹಲ್ಲು ಕಚ್ಚುವುದೂ ನೋಡುವವರಿಗೆ ದರ್ಶನದ ಆರಂಭದಂತೆಯೇ ಕಾಣಬಹುದು. ಅನುಭವಿ ಸಿರಿಗಳು ಗುರುತು ಹಿಡಿಯುವ ರೀತಿಯೊಂದಿದೆ: ದರ್ಶನ ಬಂದವಳು ಕಥೆಯ ಮಾತಿಗೆ ಓಗೊಡುತ್ತಾಳೆ, ಕಣ್ಣು ಮುಚ್ಚಿದ್ದರೂ ಎದುರಿಗಿರುವವರ ಬಳಿಗೆ ಸರಿಯುತ್ತಾಳೆ, ಪಕ್ಕದವಳ ಕೂಗಿಗೆ ಅವಳ ಕೂಗು ಸೇರುತ್ತದೆ. ಫಿಟ್ಸ್ ಬಂದವಳಿಗೆ ಯಾರ ಕರೆಯೂ ತಲುಪುವುದಿಲ್ಲ. ಅದು ಹೆಚ್ಚಾಗಿ ಒಂದೆರಡು ನಿಮಿಷಕ್ಕೆ ತಾನೇ ನಿಂತು ಮಂಪರು ಕವಿಯುತ್ತದೆ, ನಾಲಗೆ ಕಚ್ಚಿದ ಗುರುತು ಉಳಿದಿರಬಹುದು. ಅಂಥವಳನ್ನು ವರ್ಷಗಟ್ಟಲೆ ಅಂಗಳದಲ್ಲಿ ನಿಲ್ಲಿಸಿ ಮಾತ್ರೆ ತಪ್ಪಿಸಿದರೆ ಅಪಾಯ ಖಂಡಿತ. ಹಗಲಿರುಳೂ ದನಿಗಳು ಕೇಳಿಸುವ, ಹೆಸರು ಹೇಳಿದ ಮೇಲೂ ಆ ದನಿಗಳು ಬಿಡದ ಚಿತ್ತವಿಕಾರವೂ ಹೀಗೆಯೇ. ಅಲ್ಲಿ ಮಾತು ಕಥೆಯೊಳಗೆ ನಿಲ್ಲದೆ ಎತ್ತೆತ್ತಲೋ ಹರಿಯುತ್ತದೆ. ಕುಮಾರನ ಪ್ರಶ್ನೆಗೆ ಮರುವರ್ಷವೂ ಮೂರನೇ ವರ್ಷವೂ ಹೆಸರು ಹೊರಡದಿದ್ದರೆ, ಮತ್ತು ಹುಣ್ಣಿಮೆಗಳ ನಡುವಿನ ದಿನಗಳು ಹಗುರವಾಗದಿದ್ದರೆ, ಅದು ಸಿರಿಯದಲ್ಲ ಎಂದು ಹೇಳುವ ಧೈರ್ಯ ಒಳ್ಳೆಯ ಪಾತ್ರಿಗೆ ಇರುತ್ತದೆ. ಎಲ್ಲ ಪಾತ್ರಿಗಳೂ ಒಳ್ಳೆಯವರೆಂದು ಹೇಳುವಂತಿಲ್ಲ.

ಇನ್ನೊಂದು ಸೋಲು ಅಷ್ಟು ಎದ್ದು ಕಾಣುವುದಿಲ್ಲ. ಕೇಳಬೇಕಾದವರು ಅಂಗಳಕ್ಕೆ ಬರದೇ ಹೋದರೆ ಹೇಳಿದ್ದು ವ್ಯರ್ಥವಾಗುತ್ತದೆ. ಲೆವಿಸ್ಟ್ರಾಸ್ ಮಾಂತ್ರಿಕನ ಕುರಿತ ಇನ್ನೊಂದು ಪ್ರಬಂಧದಲ್ಲಿ, ಚಿಕಿತ್ಸೆ ನಿಲ್ಲುವುದು ವೈದ್ಯನ ನಂಬಿಕೆ, ರೋಗಿಯ ನಂಬಿಕೆ, ನೆರೆದವರ ನಂಬಿಕೆ ಎಂಬ ಮೂರು ಕಾಲಿನ ಮೇಲೆ ಎಂದಿದ್ದರು. ಸಿರಿ ಅಂಗಳದಲ್ಲಿ ಮೂರನೆಯ ಕಾಲೇ ಭಾರ ಹೊರುವುದು. ಹೆಂಡತಿಯನ್ನು ರಿಕ್ಷಾದಲ್ಲಿ ಕಳಿಸಿ ತಾನು ಮನೆಯಲ್ಲೇ ಉಳಿದ ಗಂಡನ ಮಟ್ಟಿಗೆ ಆ ಇರುಳು ನಡೆದೇ ಇಲ್ಲ. ಅಂಥವಳು ವರ್ಷವರ್ಷವೂ ಬಂದು, ಅದೇ ಪ್ರಸಂಗದಲ್ಲಿ ಅದೇ ಮಾತಿಗೆ ನಿಂತು, ಅಷ್ಟರಲ್ಲೇ ತಿರುಗಿ ಹೋಗುತ್ತಾಳೆ.

ವೈದ್ಯಶಾಸ್ತ್ರವೂ ಈ ಗೆರೆಯನ್ನು ತನ್ನದೇ ರೀತಿಯಲ್ಲಿ ಎಳೆದುಕೊಂಡಿದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಮೈದುಂಬುವ ಆವೇಶಕ್ಕೆ ಒಂದು ರೋಗದ ಹೆಸರಿದೆ. ಆದರೆ ಅದು ತನಗೆ ಬೇಡದೆ ಬಂದಿರಬೇಕು, ಬಾಳಿಗೆ ತೊಡಕಾಗಿರಬೇಕು, ತನ್ನವರು ಒಪ್ಪಿದ ಧಾರ್ಮಿಕ ಆಚರಣೆಯ ಭಾಗವಾಗಿರಬಾರದು ಎಂಬ ಷರತ್ತುಗಳಿವೆ. ಆ ಪಟ್ಟಿಯ ಪ್ರಕಾರ ಬಾವಿಕಟ್ಟೆಯ ಬಳಿ ಬಿದ್ದವಳು ರೋಗಿಯಾಗಬಹುದು, ಆಲಡೆಯಲ್ಲಿ ಸೊನ್ನೆಯಾಗಿ ನಿಂತವಳು ಅಲ್ಲ. ಇಬ್ಬರೂ ಒಬ್ಬಳೇ ಎಂಬುದಕ್ಕೆ ಪಟ್ಟಿಯಲ್ಲಿ ಕೋಷ್ಟಕವಿಲ್ಲ. ಕ್ಲಾಸ್ ಹೇಳಿದ ನಡಿಗೆ, ಉಪದ್ರದಿಂದ ಪಾತ್ರಿತನಕ್ಕೆ, ಆ ಎರಡು ಸಾಲುಗಳ ನಡುವೆ ಬೀಳುತ್ತದೆ.

ಬೆಳಗಿನ ಜಾವಕ್ಕೆ ದರ್ಶನ ಇಳಿಯತೊಡಗುತ್ತದೆ. ಕುಮಾರ ಒಬ್ಬೊಬ್ಬಳನ್ನೇ ಹೆಸರು ಹಿಡಿದು ಕರೆದು, ಇನ್ನು ಮಾಯಕ್ಕೆ ಸಲ್ಲಬೇಕು, ಬರುವ ವರ್ಷದ ಹುಣ್ಣಿಮೆಗೆ ಕರೆಯುತ್ತೇವೆ ಎಂದು ಒಪ್ಪಿಸಿ ಕಳಿಸುತ್ತಾನೆ. ಗಂಧಪ್ರಸಾದ ಹಣೆಗೆ ತಾಗಿದ ಮೇಲೆ ನಡುಕ ನಿಲ್ಲುತ್ತದೆ, ಹೆಂಗಸರು ನೆಲದ ಮೇಲೇ ಕೂತು ನೀರು ಕೇಳುತ್ತಾರೆ. ಏನು ಹೇಳಿದೆ ಎಂದು ಕೇಳಿದರೆ ಹಲವರು ನೆನಪಿಲ್ಲ ಎನ್ನುತ್ತಾರೆ. ನೆನಪಿರಬೇಕಾದವರು ಸುತ್ತ ಕೂತಿದ್ದವರು, ಅವರಿಗೆ ನೆನಪಿದೆ. ಹೊಸಬಳ ಜಡೆಗೆ ಮಲ್ಲಿಗೆ ಸಿಕ್ಕಿಸಿ, ಸೀರೆಯ ನೆರಿಗೆ ಸರಿಮಾಡಿದ ಹಿರಿಯ ಸಿರಿ ಅವಳ ಮನೆ ಎಲ್ಲಿ, ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಾಳೆ. ಮೊದಲ ಬಸ್ಸು ಬರುವ ಹೊತ್ತಿಗೆ ಇಬ್ಬರೂ ರಸ್ತೆಬದಿಯಲ್ಲಿ ಚಹಾ ಕುಡಿಯುತ್ತಾ ನಿಂತಿರುತ್ತಾರೆ. ಹಿಂದೆ ಅಂಗಳದಲ್ಲಿ ಯಾರೋ ಹಿಂಗಾರದ ಎಸಳುಗಳನ್ನು ಗುಡಿಸಿ ಬುಟ್ಟಿಗೆ ತುಂಬುತ್ತಿರುತ್ತಾರೆ.